ಎಸ್‌ಎಲ್‌ಆರ್ ಮತ್ತು 9 ಎಂ.ಎಂ. ಪಿಸ್ತೂಲು: ಮುಂದಿನ ತೋಟಾ ತಾನಾಗಿ ಬರುವುದು ಹೇಗೆ?

ನಮ್ಮ ಪೊಲೀಸರ ಹೆಗಲಲ್ಲಿ ದಶಕಗಳ ಕಾಲ ಕಂಡ ಎಸ್‌ಎಲ್‌ಆರ್ ಎಂಬ ತಾನಾಗಿ ತೋಟಾ ತುಂಬಿಕೊಳ್ಳುವ ರೈಫಲ್ ಮತ್ತು ಅಧಿಕಾರಿಗಳ ಸೊಂಟದಲ್ಲಿದ್ದ 9 ಎಂ.ಎಂ. ಪಿಸ್ತೂಲು, ಎರಡರ ಮೂಲವೂ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆ. ಪಿಸ್ತೂಲಿನ ವಿನ್ಯಾಸವನ್ನು ಶುರು ಮಾಡಿದವರು ಅಮೆರಿಕದ ಜಾನ್ ಬ್ರೌನಿಂಗ್. 1926ರಲ್ಲಿ ಅವರು ತೀರಿಕೊಂಡ ಮೇಲೆ ಅದನ್ನು ಮುಗಿಸಿದವರು ದ್ಯೂದೊನೆ ಸೇವ್. ಎಸ್‌ಎಲ್‌ಆರ್‌ನ ಮೂಲವಾದ ಎಫ್‌ಎಎಲ್ ರೈಫಲ್ ಕೂಡ ಇದೇ ಸೇವ್ ಅವರ ಕೆಲಸ. ಎರಡನ್ನೂ ಆಮೇಲೆ ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆ ತಯಾರಿಸಿತು. ಎರಡನ್ನೂ ಮುಗಿಸಿದ ವಿನ್ಯಾಸಗಾರ ಒಬ್ಬರೇ ಆದರೂ ಪಿಸ್ತೂಲು ಒದೆತದಿಂದ ನಡೆಯುತ್ತದೆ, ರೈಫಲ್ ಅನಿಲದಿಂದ. ಈ ವ್ಯತ್ಯಾಸ ಯಾಕೆ ಬಂತು ಎಂಬುದು ಎರಡರ ಒಳಗೆ ಏನಾಗುತ್ತದೆಂದು ನೋಡಿದರೆ ತಿಳಿಯುತ್ತದೆ.

ಮೊದಲು, ಬೀಗ ಯಾಕೆ ಬೇಕು?

ಟ್ರಿಗರ್ ಒತ್ತಿದಾಗ ಹಿತ್ತಾಳೆ ಕೇಸಿನೊಳಗಿನ ಮದ್ದು ಉರಿದು ಅನಿಲವಾಗುತ್ತದೆ. 9 ಎಂ.ಎಂ. ತೋಟಾದಲ್ಲಿ ಆ ಒತ್ತಡ ಗಾಳಿಯ ಒತ್ತಡದ ಎರಡು ಸಾವಿರ ಪಟ್ಟು ದಾಟುತ್ತದೆ, ಎಸ್‌ಎಲ್‌ಆರ್‌ನ 7.62 ಎಂ.ಎಂ. ತೋಟಾದಲ್ಲಿ ಸುಮಾರು ನಾಲ್ಕು ಸಾವಿರ ಪಟ್ಟು. ತೆಳ್ಳನೆಯ ಹಿತ್ತಾಳೆ ಉಬ್ಬಿ ನಳಿಕೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಹಿಂದಿನ ಬಾಗಿಲು ತೆರೆದರೆ ಕೇಸ್ ಹರಿದು, ಬಿಸಿ ಅನಿಲ ಬಳಸುವವನ ಮುಖದತ್ತ ನುಗ್ಗುತ್ತದೆ. ಹಾಗಾಗಿ ಗುಂಡು ನಳಿಕೆ ಬಿಟ್ಟು ಒತ್ತಡ ಇಳಿಯುವವರೆಗೆ ಬಾಗಿಲಿಗೆ ಬೀಗ ಬಿದ್ದಿರಬೇಕು. ಬೀಗ ತೆಗೆಯುವ ಕೆಲಸ ಯಾರದು, ಯಾವಾಗ ಎಂಬುದೇ ಎರಡು ಪದ್ಧತಿಗಳ ನಡುವಿನ ಅಂತರ. ಖಾಲಿ ಕೇಸನ್ನು ಎಳೆದು ಹೊರಗೆಸೆಯುವುದು, ಹ್ಯಾಮರನ್ನು ಹಿಂದಕ್ಕೆ ಮಡಿಸುವುದು, ಹೊಸ ತೋಟಾ ತಳ್ಳಿ ಮತ್ತೆ ಬೀಗ ಹಾಕುವುದು, ಇವೆಲ್ಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ಪಿಸ್ತೂಲು: ನಳಿಕೆಯೇ ಹಿಂದೆ ಸರಿಯುತ್ತದೆ

ಪಿಸ್ತೂಲಿನ ನಳಿಕೆಯ ಬೆನ್ನ ಮೇಲೆ ದಿಂಡುಗಳಿವೆ. ಅವು ಮೇಲೆ ಹೊದಿಸಿದ ಸ್ಲೈಡಿನ ಒಳಚಾವಣಿಯ ತೋಡುಗಳಲ್ಲಿ ಕೂತಿರುತ್ತವೆ. ಇದೇ ಬೀಗ. ಗುಂಡು ಮುಂದಕ್ಕೆ ಓಡುವಾಗ ಒದೆತ ನಳಿಕೆಯನ್ನೂ ಸ್ಲೈಡನ್ನೂ ಜೊತೆಯಾಗಿಯೇ ಹಿಂದಕ್ಕೆ ತಳ್ಳುತ್ತದೆ.

ಎಷ್ಟು ದೂರ? ಲೆಕ್ಕ ಸುಲಭ. ಗುಂಡಿನ ತೂಕ 8 ಗ್ರಾಂ, ಸ್ಲೈಡ್ ಮತ್ತು ನಳಿಕೆಯ ಒಟ್ಟು ತೂಕ 450 ಗ್ರಾಂ ಎಂದುಕೊಳ್ಳೋಣ. ಹಿಂದಿನ ಭಾಗ 56 ಪಟ್ಟು ಭಾರ, ಆದ್ದರಿಂದ ಅದರ ಚಲನೆ 56 ಪಟ್ಟು ಕಡಿಮೆ. ಗುಂಡು ನಳಿಕೆಯಲ್ಲಿ 100 ಮಿಲಿಮೀಟರ್ ಓಡುವಷ್ಟರಲ್ಲಿ ಸ್ಲೈಡ್ ಸರಿದಿರುವುದು ಸುಮಾರು 2 ಮಿಲಿಮೀಟರ್ ಮಾತ್ರ. ನಳಿಕೆ ಮತ್ತು ಸ್ಲೈಡ್ ಕಚ್ಚಿಕೊಂಡೇ ಸಾಗುವ ದೂರ ಇದಕ್ಕಿಂತ ಹೆಚ್ಚು, ಕೆಲವು ಮಿಲಿಮೀಟರ್. ಅಂದರೆ ಬೀಗ ಬಿಚ್ಚುವ ಹೊತ್ತಿಗೆ ಗುಂಡು ಹೊರಟು ಹೋಗಿರುತ್ತದೆ. ಬೇರೆ ಗಡಿಯಾರ ಬೇಕಿಲ್ಲ, ತೂಕವೇ ಗಡಿಯಾರ.

ಮುಂದಿನದನ್ನು ಹತ್ತಿರದಿಂದ ನೋಡಿ. ನಳಿಕೆಯ ಹೊಟ್ಟೆಯ ಕೆಳಗೆ ಒಂದು ಕುಡಿಯಿದೆ, ಅದರಲ್ಲಿ ಓರೆಯಾಗಿ ಕೊರೆದ ಸೀಳು. ಹಿಡಿಯಿರುವ ಚೌಕಟ್ಟಿನಲ್ಲಿ ಅಡ್ಡಲಾಗಿ ಕೂತ ಉಕ್ಕಿನ ತುಂಡಿಗೆ ಈ ಸೀಳು ತಾಗಿದ ಕೂಡಲೆ ನಳಿಕೆಯ ಹಿಂಬದಿ ಕೆಳಗೆ ಬಾಗುತ್ತದೆ. ದಿಂಡುಗಳು ತೋಡುಗಳಿಂದ ಕಳಚುತ್ತವೆ. ನಳಿಕೆ ಅಲ್ಲೇ ನಿಲ್ಲುತ್ತದೆ, ಸ್ಲೈಡ್ ತಾನು ಪಡೆದ ವೇಗದಲ್ಲೇ ಹಿಂದೆ ಹೋಗುತ್ತದೆ. ಅದರ ಕೊಕ್ಕೆ ಖಾಲಿ ಕೇಸನ್ನು ಎಳೆದೊಯ್ಯುತ್ತದೆ, ಚೌಕಟ್ಟಿನ ಚಾಚು ತಗುಲಿ ಕೇಸ್ ಹೊರಕ್ಕೆ ಹಾರುತ್ತದೆ. ಸ್ಪ್ರಿಂಗ್ ಒತ್ತಿಕೊಂಡು, ಹಿಗ್ಗುವಾಗ ಸ್ಲೈಡನ್ನು ಮುಂದಕ್ಕೆ ತಳ್ಳುತ್ತದೆ. 13 ತೋಟಾಗಳ ಮ್ಯಾಗಜೀನಿನಿಂದ ಮೇಲಿನದೊಂದು ನಳಿಕೆಯೊಳಗೆ ಸೇರುತ್ತದೆ, ನಳಿಕೆ ಮೇಲೇರಿ ದಿಂಡುಗಳು ಮತ್ತೆ ಕಚ್ಚುತ್ತವೆ.

ಇಲ್ಲಿ ಒಂದು ಷರತ್ತಿದೆ. ಸ್ಲೈಡ್ ಹಿಂದೆ ಹೋಗಬೇಕಾದದ್ದು ಚೌಕಟ್ಟಿಗೆ ಹೋಲಿಸಿದರೆ. ಕೈ ಸಡಿಲವಾಗಿದ್ದರೆ ಚೌಕಟ್ಟೂ ಸ್ಲೈಡಿನ ಜೊತೆಗೇ ಹಿಂದೆ ಓಡುತ್ತದೆ, ಎರಡರ ನಡುವಿನ ಓಟ ಮೊಟಕಾಗುತ್ತದೆ. ಆಗ ಕೇಸ್ ಪೂರ್ತಿ ಹೊರಬೀಳುವ ಮೊದಲೇ ಸ್ಲೈಡ್ ಮರಳಿ ಬಂದು ಅದನ್ನು ಕಚ್ಚುತ್ತದೆ. ಕೇಸ್ ಹೊಗೆಗೊಳವೆಯಂತೆ ನೆಟ್ಟಗೆ ನಿಂತಿರುತ್ತದೆ. ಮಂಕಾದ ಮದ್ದು, ಒಣಗಿ ಕೊಳೆ ಹಿಡಿದ ಸ್ಲೈಡ್ ಹಳಿಗಳೂ ಇದೇ ತೊಂದರೆ ತರುತ್ತವೆ. ಆದ್ದರಿಂದ ತೊಡಕು ಕಂಡ ತರಬೇತುದಾರ ಮೊದಲು ನೋಡುವುದು ಮಣಿಕಟ್ಟನ್ನು, ಆಮೇಲೆ ಆಯುಧವನ್ನು.

ಎಸ್‌ಎಲ್‌ಆರ್: ನಳಿಕೆ ಅಲುಗುವುದಿಲ್ಲ

ರೈಫಲಿನ ನಳಿಕೆ ಅರ್ಧ ಮೀಟರಿಗೂ ಉದ್ದ, ಭಾರ. ಅದನ್ನು ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡಿಸಿದರೆ ಹೆಗಲ ಮೇಲಿಡುವ ಹಗುರ ಆಯುಧದಲ್ಲಿ ಜಾಗವೂ ಸಾಲದು, ಗುರಿಯೂ ಕೆಡುತ್ತದೆ. (ಭಾರದ ಮಷಿನ್ ಗನ್‌ಗಳಲ್ಲಿ ಒದೆತದ ಪದ್ಧತಿ ಚೆನ್ನಾಗಿಯೇ ನಡೆದಿದೆ, 1884ರ ಮ್ಯಾಕ್ಸಿಮ್ ಗನ್ ಅದರಿಂದಲೇ ಹುಟ್ಟಿದ್ದು.) ಹಾಗಾಗಿ ಇಲ್ಲಿ ನಳಿಕೆ ಸ್ಥಿರ. ಅದರ ನಡುಭಾಗ ದಾಟಿದ ಮೇಲೆ ಮೇಲ್ಮೈಯಲ್ಲೊಂದು ಸಣ್ಣ ರಂಧ್ರ. ಗುಂಡು ರಂಧ್ರ ದಾಟಿದಾಗ ಅದರ ಬೆನ್ನ ಹಿಂದಿನ ಅನಿಲದ ಒಂದು ಪಾಲು ಮೇಲಿನ ಕೊಳವೆಗೆ ನುಗ್ಗುತ್ತದೆ. ರಂಧ್ರದಿಂದ ಬಾಯಿಗೆ 20 ಸೆಂಟಿಮೀಟರ್ ಇದ್ದು, ಗುಂಡಿನ ವೇಗ ಸೆಕೆಂಡಿಗೆ 800 ಮೀಟರ್ ಆದರೆ ಗುಂಡು ಹೊರಬರಲು ಉಳಿದಿರುವುದು ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಪಾಲು. ಅಷ್ಟರಲ್ಲೇ ಅನಿಲದ ಏಟು ಬೀಳಬೇಕು.

ಆ ಏಟು ತಿನ್ನುವುದು ಒಂದು ಪಿಸ್ಟನ್. ಅದು ಸ್ವಲ್ಪ ದೂರ ಹಿಂದೆ ನೆಗೆದು, ನಳಿಕೆಯ ಹಿಂದಿನ ಬಾಗಿಲಾದ ಬೋಲ್ಟನ್ನು ಹೊತ್ತ ಭಾಗಕ್ಕೆ ಸುತ್ತಿಗೆಯಂತೆ ಗುದ್ದಿ, ತನ್ನದೇ ಸ್ಪ್ರಿಂಗಿನಿಂದ ಮುಂದಕ್ಕೆ ಮರಳುತ್ತದೆ. ಹೊರುವ ಭಾಗ ಮೊದಲ ಕೆಲವು ಮಿಲಿಮೀಟರ್ ಬರಿದೇ ಓಡುತ್ತದೆ. ಆ ಬರಿಯ ಓಟದಲ್ಲೇ ನಳಿಕೆಯ ಒತ್ತಡ ಇಳಿಯುತ್ತದೆ. ನಂತರ ಅದು ಬೋಲ್ಟಿನ ಹಿಂಬದಿಯನ್ನು ಮೇಲಕ್ಕೆತ್ತಿ ಬೀಗದ ಮೆಟ್ಟಿಲಿನಿಂದ ಬಿಡಿಸುತ್ತದೆ. ಉಳಿದದ್ದು ಪಿಸ್ತೂಲಿನಂತೆಯೇ.

ಇಲ್ಲಿ ಒದೆತದ ಬದಲು ಅನಿಲದ ಪ್ರಮಾಣವನ್ನೇ ಹೊಂದಿಸಬಹುದು. ನಳಿಕೆಯ ಮೇಲಿರುವ ತಿರುಗುವ ಉಂಗುರ ಹೆಚ್ಚುವರಿ ಅನಿಲವನ್ನು ಹೊರಬಿಡುತ್ತದೆ. ಉಂಗುರ ಪೂರ್ತಿ ತೆರೆದಿದ್ದರೆ ಪಿಸ್ಟನ್ನಿಗೆ ಸಿಗುವ ಅನಿಲ ಕಡಿಮೆ. ಸೈನ್ಯದ ರೂಢಿ ಹೀಗಿತ್ತು: ತೆರೆದ ಕಡೆಯಿಂದ ಶುರು ಮಾಡಿ, ರೈಫಲ್ ತಪ್ಪದೆ ನಡೆಯುವವರೆಗೆ ಒಂದೊಂದೇ ಕ್ಲಿಕ್ ಮುಚ್ಚುತ್ತ ಹೋಗುವುದು, ಆಮೇಲೆ ಧೂಳಿಗೂ ಮಸಿಗೂ ಮೀಸಲಾಗಿ ಇನ್ನೊಂದೆರಡು ಕ್ಲಿಕ್.

ಅನಿಲ ಸಾಲದಿದ್ದರೆ ಲಕ್ಷಣ ಸ್ಪಷ್ಟ. ಕೇಸ್ ಹೊರಬಿದ್ದು ಹ್ಯಾಮರ್ ಮಡಿಸಿದರೂ ಬೋಲ್ಟ್ ಮುಂದಿನ ತೋಟಾದ ಹಿಂದಕ್ಕೆ ತಲುಪಿರುವುದಿಲ್ಲ. ಟ್ರಿಗರ್ ಒತ್ತಿದಾಗ ಬರುವುದು ಕ್ಲಿಕ್ ಸದ್ದು ಮಾತ್ರ. ಅನಿಲ ಅತಿಯಾದರೆ ಕೇಸ್ ಬಹಳ ದೂರ ಸಿಡಿಯುತ್ತದೆ, ಹೆಗಲಿಗೆ ಏಟು ಜೋರಾಗುತ್ತದೆ, ಕೆಲವೊಮ್ಮೆ ಕೊಕ್ಕೆ ಕೇಸಿನ ಅಂಚನ್ನೇ ಕಿತ್ತು ತರುತ್ತದೆ. ಪಿಸ್ಟನ್ ಮೇಲೆ ಮಸಿ ಕಟ್ಟಿಕೊಂಡಾಗಲೂ ಅನಿಲ ಸಾಲದ ಲಕ್ಷಣವೇ ಕಾಣುತ್ತದೆ. ಅದಕ್ಕೆ ಪರಿಹಾರ ಶುಚಿ ಮಾಡುವುದೇ ಹೊರತು ಉಂಗುರವನ್ನು ಬಿಗಿಯುತ್ತ ಹೋಗುವುದಲ್ಲ.

ಎಸ್‌ಎಲ್‌ಆರ್‌ನ ಮುಂಬದಿಯ ಅನಿಲ ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿದರೆ ರಂಧ್ರದ ದಾರಿಯೇ ಮುಚ್ಚುತ್ತದೆ. ರೈಫಲ್ ಗ್ರೆನೇಡ್ ಹಾರಿಸುವಾಗ ಹೀಗೆ ಮಾಡುತ್ತಾರೆ. ಆಗ ಒದೆತ ಹೆಗಲಿಗೆ ಬಡಿಯುತ್ತಲೇ ಇರುತ್ತದೆ, ಆದರೂ ಬೋಲ್ಟ್ ಕದಲುವುದಿಲ್ಲ. ಪ್ರತಿ ಬಾರಿ ಕೈಯಿಂದ ಎಳೆಯಬೇಕು. ಪಿಸ್ತೂಲಿನಲ್ಲಿ ಹೀಗೆ ಮುಚ್ಚಲು ಏನೂ ಇಲ್ಲ. ಗುಂಡು ಮುಂದೆ ಹೋದರೆ ಸ್ಲೈಡ್ ಹಿಂದೆ ಬರಲೇಬೇಕು.