ಮದುವೆ ಕಾಗದದ ಶಂಕು ಒಂದು ಸುತ್ತಿಗೆ ಎಷ್ಟು ಸಲ ಉರುಳುತ್ತದೆ?

ದಾದರ್ ನಿಲ್ದಾಣದ ಹೊರಗೆ ಕೊಂಡ ಶೇಂಗಾದ ಕಾಗದದ ಪೊಟ್ಟಣ ಖಾಲಿಯಾದ ಮೇಲೆ ಅದನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಅದು ನೇರವಾಗಿ ಮುಂದೆ ಹೋಗುವುದಿಲ್ಲ. ಚೂಪಾದ ತುದಿ ಇದ್ದಲ್ಲೇ ಇರುತ್ತದೆ, ಅಗಲವಾದ ಬಾಯಿ ಅದರ ಸುತ್ತ ಒಂದು ವೃತ್ತವನ್ನು ಹಾಕುತ್ತದೆ. ಹೀಗೆ ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಶಂಕು ತನ್ನ ಅಕ್ಷದ ಸುತ್ತ ಎಷ್ಟು ಸಲ ತಿರುಗಿರುತ್ತದೆ ಎಂಬುದು ಅದರ ಉದ್ದವನ್ನಾಗಲಿ ತೂಕವನ್ನಾಗಲಿ ಅವಲಂಬಿಸಿಲ್ಲ. ತುದಿಯ ಕೋನವೊಂದೇ ಅದನ್ನು ನಿರ್ಧರಿಸುತ್ತದೆ. ಇದನ್ನು ಮನೆಯಲ್ಲೇ ಅಳೆದು ನೋಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಗಟ್ಟಿಯಾದ ಕಾಗದ ಬೇಕು. ಮುಂಬಯಿಯ ಮಳೆಗಾಲದಲ್ಲಿ ತೆಳುವಾದ ಹಾಳೆ ಗಾಳಿಯ ತೇವಕ್ಕೇ ಮೆತ್ತಗಾಗಿ, ಉರುಳುವಾಗ ಬಾಯಿ ಚಪ್ಪಟೆಯಾಗುತ್ತದೆ. ಆದ್ದರಿಂದ ನಾನು ಊರಿನಿಂದ ಬಂದ ಹಳೆಯ ಮದುವೆ ಕಾಗದಗಳನ್ನು ಬಳಸುತ್ತೇನೆ. ಕೈವಾರವನ್ನು 10 ಸೆಂಟಿಮೀಟರಿಗೆ ಅಗಲಿಸಿ ಅರ್ಧವೃತ್ತವೊಂದನ್ನು ಎಳೆಯಿರಿ. ಅದರ ಒಂದು ನೇರ ಅಂಚಿನಾಚೆಗೆ, ಅದೇ ಕೇಂದ್ರದಿಂದ, ಸುಮಾರು 10 ಡಿಗ್ರಿಯಷ್ಟು ಹೆಚ್ಚುವರಿ ಪಟ್ಟಿಯನ್ನು ಅಂಟಿಗಾಗಿ ಬಿಟ್ಟು ಕತ್ತರಿಸಿ. ಈಗ ಅರ್ಧವೃತ್ತದ ಎರಡು ನೇರ ಅಂಚುಗಳು ಸರಿಯಾಗಿ ಒಂದಕ್ಕೊಂದು ತಾಗುವಂತೆ ಸುತ್ತಿ, ಹೆಚ್ಚುವರಿ ಪಟ್ಟಿಯನ್ನು ಒಳಗೆ ಸೇರಿಸಿ ಅಂಟಿಸಿ. ಸಿದ್ಧವಾದ ಶಂಕುವಿನ ಬಾಯಿಯ ವ್ಯಾಸವನ್ನು ಅಳೆದರೆ ಅದೂ 10 ಸೆಂಟಿಮೀಟರೇ ಇರಬೇಕು. ಪಕ್ಕದಿಂದ ನೋಡಿದಾಗ ಮೂರು ಬಾಹುಗಳೂ ಸಮನಾದ ತ್ರಿಭುಜ ಕಾಣುತ್ತದೆ, ಎಂದರೆ ತುದಿಯ ಪೂರ್ಣ ಕೋನ 60 ಡಿಗ್ರಿ. ಲೆಕ್ಕಕ್ಕೆ ಬೇಕಾದುದು ಅಕ್ಷಕ್ಕೂ ಓರೆ ಅಂಚಿಗೂ ನಡುವಿನ ಅರ್ಧಕೋನ; ಅದನ್ನು α ಎಂದು ಕರೆದರೆ ನಮ್ಮ ಶಂಕುವಿನಲ್ಲಿ α = 30°.

ಬಳಿಕ ಒಂದು ಚಾರ್ಟ್ ಹಾಳೆಯ ಮೇಲೆ 10 ಸೆಂಟಿಮೀಟರ್ ತ್ರಿಜ್ಯದ ಪೂರ್ಣ ವೃತ್ತ ಎಳೆದು, ಹಾಳೆಯ ಮೂಲೆಗಳನ್ನು ಮೇಜಿಗೆ ಟೇಪಿನಿಂದ ಅಂಟಿಸಿ. ಶಂಕುವಿನ ಬಾಯಿಯ ಅಂಚಿನಲ್ಲಿ ಒಂದು ಕಡೆ ಸ್ಕೆಚ್ ಪೆನ್ನಿನಿಂದ ಕೆಂಪು ಚುಕ್ಕೆ ಇಡಿ. ಶಂಕುವಿನ ತುದಿಯನ್ನು ವೃತ್ತದ ಕೇಂದ್ರದಲ್ಲಿಟ್ಟು, ಕೆಂಪು ಚುಕ್ಕೆ ಹಾಳೆಗೆ ತಾಗುವಂತೆ ಮಲಗಿಸಿ, ಆ ಜಾಗವನ್ನು ಪೆನ್ಸಿಲಿನಿಂದ ಗುರುತಿಸಿಕೊಳ್ಳಿ. ತುದಿಯನ್ನು ಬೆರಳಿನಿಂದ ಒತ್ತಿ ಹಿಡಿಯುವುದು ಬೇಡ, ಹಿಡಿದರೆ ಶಂಕುವನ್ನು ನೀವೇ ಎಳೆದಾಡಿಸಿದಂತಾಗುತ್ತದೆ. ಬಾಯಿಯ ಹತ್ತಿರ ಮೇಲ್ಭಾಗದಲ್ಲಿ ಒಂದೇ ಬೆರಳಿಟ್ಟು ಮೆಲ್ಲಗೆ ಉರುಳಿಸಿ, ಕೆಂಪು ಚುಕ್ಕೆ ಮತ್ತೆ ಹಾಳೆಗೆ ತಾಗುವ ಕಡೆಗಳಲ್ಲೆಲ್ಲ ಗುರುತು ಹಾಕುತ್ತ ಹೋಗಿ.

ಚುಕ್ಕೆ ಮೊದಲು ತಾಗುವುದು ಹೊರಟ ಜಾಗಕ್ಕೆ ನೇರ ಎದುರಿನಲ್ಲಿ, ಎಂದರೆ 180 ಡಿಗ್ರಿಯಲ್ಲಿ. ಎರಡನೆಯ ಸಲ ತಾಗುವುದು ಹೊರಟ ಜಾಗದಲ್ಲೇ. ಒಂದು ಸುತ್ತಿಗೆ ಎರಡು ಉರುಳು. ಹೊರಟಾಗಿನ ಸ್ಪರ್ಶವನ್ನೂ ಎಣಿಸಿ ಮೂರು ಎಂದು ಬರೆಯುವ ತಪ್ಪು ಬಹಳ ಸುಲಭವಾಗಿ ಆಗುತ್ತದೆ. ಹೊರಡುವ ಕ್ಷಣ ಸೊನ್ನೆ ಎಂಬುದನ್ನು ನೆನಪಿಡಬೇಕು.

ಇದೇಕೆ ಹೀಗೆ ಎಂಬುದಕ್ಕೆ ಉತ್ತರ ನಾವು ಕತ್ತರಿಸಿದ ಕಾಗದದಲ್ಲೇ ಇದೆ. ಜಾರದೆ ಉರುಳುವುದೆಂದರೆ ಶಂಕುವಿನ ಮೈಯ ಒಂದೊಂದು ಗೆರೆಯೂ ಮೇಜಿನ ಮೇಲೆ ಒಂದೊಂದಾಗಿ, ಎಳೆಯಲ್ಪಡದೆ, ಅಚ್ಚೊತ್ತಿದಂತೆ ಕೂರುವುದು. ಒಂದು ಪೂರ್ತಿ ಉರುಳಿನಲ್ಲಿ ಮೇಜಿನ ಮೇಲೆ ಅಚ್ಚಾಗುವ ಆಕಾರ, ಅಂಟು ಬಿಡಿಸಿ ಚಪ್ಪಟೆಯಾಗಿ ಹರಡಿದ ಕಾಗದದ ಆಕಾರವೇ ಆಗಿರಬೇಕು. ನಮ್ಮದು ಅರ್ಧವೃತ್ತ, ಅಂಥ ಎರಡು ಸೇರಿದರೆ ವೃತ್ತ ತುಂಬುತ್ತದೆ. ಕಾಲು ವೃತ್ತದಿಂದ ಮಾಡಿದ ಸಪೂರ ಶಂಕುವಿಗೆ ನಾಲ್ಕು ಉರುಳು ಬೇಕು. 240 ಡಿಗ್ರಿಯ ತುಂಡಿನಿಂದ ಮಾಡಿದ ಅಗಲ ಶಂಕುವಿಗೆ ಒಂದೂವರೆ ಉರುಳು ಸಾಕು. ಹಾಗಾಗಿ ಮೊದಲ ಸುತ್ತು ಮುಗಿದಾಗ ಅದರ ಕೆಂಪು ಚುಕ್ಕೆ ಮೇಜನ್ನು ಮುಟ್ಟದೆ ಮೇಲ್ಗಡೆ ಇರುತ್ತದೆ, ಎರಡನೆಯ ಸುತ್ತಿನ ಕೊನೆಗಷ್ಟೇ ಹೊರಟ ಜಾಗಕ್ಕೆ ಬಂದು ತಾಗುತ್ತದೆ.

ಇದನ್ನೇ ಕೋನದ ಭಾಷೆಯಲ್ಲಿ ಹೇಳಬಹುದು. ಓರೆ ಎತ್ತರ L ಆದರೆ ಬಾಯಿಯ ತ್ರಿಜ್ಯ L sin α. ಬಾಯಿಯ ಅಂಚು ಮೇಜಿನ ಮೇಲೆ ಕ್ರಮಿಸಬೇಕಾದ ದಾರಿ 2πL, ಅಂಚಿನ ಸ್ವಂತ ಪರಿಧಿ 2πL sin α. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ L ಹೊರಟುಹೋಗಿ ಉಳಿಯುವುದು ಇಷ್ಟು:

n = 1 / sin α

30 ಡಿಗ್ರಿಗೆ sin α ಅರ್ಧ, ಆದ್ದರಿಂದ n ಎರಡು. ಅಂಗೈಯಗಲದ ಶಂಕುವಾದರೂ ಆಳೆತ್ತರದ್ದಾದರೂ ಕೋನ ಇದೇ ಇದ್ದರೆ ಉತ್ತರವೂ ಇದೇ.

ಪ್ರಯೋಗ ಕೈಕೊಡುವುದು ಎರಡು ಕಾರಣಗಳಿಂದ, ಮತ್ತು ಯಾವ ಕಾರಣವೆಂಬುದನ್ನು ಗುರುತುಗಳೇ ಹೇಳುತ್ತವೆ. ಅಂಟಿಗೆಂದು ಹೆಚ್ಚುವರಿ ಪಟ್ಟಿ ಬಿಡದೆ ಅರ್ಧವೃತ್ತದೊಳಗೇ 10 ಡಿಗ್ರಿ ಒಂದರ ಮೇಲೊಂದು ಬರುವಂತೆ ಅಂಟಿಸಿದರೆ ಕಾಗದ 170 ಡಿಗ್ರಿಯದ್ದಾಗುತ್ತದೆ. ಆಗ ಎರಡು ಉರುಳಿಗೆ 340 ಡಿಗ್ರಿಯಷ್ಟೇ ಸಾಗಿ, ಕೆಂಪು ಚುಕ್ಕೆ ಹೊರಟ ಜಾಗಕ್ಕಿಂತ ಸುಮಾರು ಮೂರೂವರೆ ಸೆಂಟಿಮೀಟರ್ ಹಿಂದೆಯೇ ತಾಗುತ್ತದೆ. ಎಷ್ಟು ಸಲ ಮಾಡಿದರೂ ಕೊರತೆ ಅಷ್ಟೇ ಇರುತ್ತದೆ. ಬಾಯಿಯ ವ್ಯಾಸವೂ 10ರ ಬದಲು 9.4 ಸೆಂಟಿಮೀಟರ್ ಬಂದು ಅದನ್ನೇ ದೃಢಪಡಿಸುತ್ತದೆ. ಇನ್ನೊಂದು ಕಾರಣ ಜಾರುವಿಕೆ. ಮೊದಲ ಸಲ ನಾನು ಇದನ್ನು ಮಾಡಿದ್ದು ಕೇರಂ ಬೋರ್ಡಿನ ಮೇಲೆ, ಅದೂ ಪೌಡರನ್ನು ಸರಿಯಾಗಿ ಒರೆಸದೆ. ಒಂದು ಸಲ ಚುಕ್ಕೆ ಎರಡು ಬೆರಳಿನಷ್ಟು ಮುಂದೆ ತಾಗಿತು, ಇನ್ನೊಂದು ಸಲ ಒಂದು ಬೆರಳಿನಷ್ಟು ಹಿಂದೆ, ತುದಿಯೂ ಕೇಂದ್ರ ಬಿಟ್ಟು ಅಲೆಯಿತು. ತಪ್ಪು ಪ್ರತಿಸಲವೂ ಒಂದೇ ಆಗಿದ್ದರೆ ಕತ್ತರಿಯನ್ನು ಅನುಮಾನಿಸಬೇಕು, ಸಲಸಲಕ್ಕೂ ಬದಲಾದರೆ ಮೇಜನ್ನು.

ತುದಿ ಅಲೆದರೆ ಅದು ಜಾರುವಿಕೆಯ ಗುರುತೇಕೆ ಎಂದರೆ, ಜಾರದೆ ಉರುಳುವಾಗ ಮೇಜಿಗೆ ತಾಗಿರುವ ಗೆರೆಯ ಎಲ್ಲ ಬಿಂದುಗಳೂ ಆ ಕ್ಷಣದಲ್ಲಿ ನಿಶ್ಚಲವಾಗಿರುತ್ತವೆ. ಮೈಯ ಬೇರೆ ಬಿಂದುಗಳು ಸರದಿಯ ಪ್ರಕಾರ ಬಂದು ತಾಗಿ ಎದ್ದುಹೋಗುತ್ತವೆ. ತುದಿಯಾದರೋ ಎಲ್ಲ ಗೆರೆಗಳಿಗೂ ಸೇರಿದ್ದು, ಸದಾ ತಾಗಿಕೊಂಡೇ ಇರುವಂಥದ್ದು. ಸದಾ ನಿಶ್ಚಲವಾಗಿರುವ ಬಿಂದು ಕದಲುವುದು ಸಾಧ್ಯವಿಲ್ಲ.

ಈ ನಿಶ್ಚಲ ಗೆರೆಯೇ ಮುಂದಿನ, ನನಗೆ ಬಹಳ ಪ್ರಿಯವಾದ ಪ್ರಶ್ನೆಗೆ ಬಾಗಿಲು. ಹತ್ತನೆಯ ತರಗತಿಯಲ್ಲಿರುವ ತಂಗಿಯ ಮಗಳು ಗುರುತುಗಳನ್ನೆಲ್ಲ ಹಾಕಿ ಮುಗಿಸಿದ ಮೇಲೆ ಕೇಳಿದಳು: "ದೊಡ್ಡಮ್ಮ, ಸುತ್ತಿಗೆ ಎರಡು ಸಲ ಉರುಳುತ್ತದೆ ಅಂದರೆ, ಸುತ್ತುವ ವೇಗದ ಎರಡರಷ್ಟು ವೇಗದಲ್ಲಿ ಶಂಕು ತಿರುಗುತ್ತಿದೆ ಅಂತಲೇ ಅಲ್ಲವಾ?" ಅಲ್ಲ. ಏಕೆಂದು ಅಳೆದೇ ನೋಡಬಹುದು.

ಶಂಕು 12 ಸೆಕೆಂಡಿಗೆ ಒಂದು ಸುತ್ತು ಬರುತ್ತದೆ ಎಂದುಕೊಳ್ಳೋಣ. ಸುತ್ತುವ ಕೋನೀಯ ವೇಗವನ್ನು Ω ಎಂದರೆ ಅದು ಸೆಕೆಂಡಿಗೆ ಸುಮಾರು 0.524 ರೇಡಿಯನ್. ಬಾಯಿಯ ಮಧ್ಯಬಿಂದುವನ್ನು ಗಮನಿಸಿ. ಅದು ಮೇಜಿನಿಂದ 4.33 ಸೆಂಟಿಮೀಟರ್ ಎತ್ತರದಲ್ಲಿದ್ದು, ತುದಿಯ ಮೇಲೆ ನಿಲ್ಲಿಸಿದ ಲಂಬರೇಖೆಯಿಂದ 7.5 ಸೆಂಟಿಮೀಟರ್ ದೂರದಲ್ಲಿ ಸುತ್ತುತ್ತದೆ. ಆದ್ದರಿಂದ 12 ಸೆಕೆಂಡಿಗೆ 47.1 ಸೆಂಟಿಮೀಟರ್ ಸಾಗುತ್ತದೆ. ವೇಗ ಸೆಕೆಂಡಿಗೆ 3.93 ಸೆಂಟಿಮೀಟರ್. ಆ ಕ್ಷಣದಲ್ಲಿ ಶಂಕುವಿನಲ್ಲಿ ನಿಶ್ಚಲವಾಗಿರುವುದು ಮೇಜಿಗೆ ತಾಗಿದ ಗೆರೆ ಮಾತ್ರ, ಆದುದರಿಂದ ಇಡೀ ಶಂಕು ನಿಜವಾಗಿ ತಿರುಗುತ್ತಿರುವುದು ಆ ಗೆರೆಯ ಸುತ್ತಲೇ. ಮಧ್ಯಬಿಂದು ಅದರಿಂದ 4.33 ಸೆಂಟಿಮೀಟರ್ ಮೇಲಿರುವುದರಿಂದ ಶಂಕುವಿನ ಒಟ್ಟು ಕೋನೀಯ ವೇಗ 3.93ನ್ನು 4.33ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 0.907. ಇದು Ωದ ಎರಡರಷ್ಟಲ್ಲ, 1.73ರಷ್ಟು. ಸಾಮಾನ್ಯ ಸೂತ್ರ ಹೀಗಿದೆ:

ω = Ω cot α

ಹಾಗಾದರೆ ಎರಡು ಎಂಬ ಎಣಿಕೆ ಸುಳ್ಳೇ? ಅದೂ ನಿಜವೇ, ಆದರೆ ಅದು ಶಂಕುವಿನೊಂದಿಗೇ ಸುತ್ತುತ್ತಿರುವವರ ಎಣಿಕೆ. ತುದಿಯ ಸುತ್ತ ತಾನೂ ಹೆಜ್ಜೆ ಹಾಕುತ್ತ ಶಂಕುವಿನ ಬಾಯಿಯನ್ನೇ ನೋಡುವವರಿಗೆ ಅದು ತನ್ನ ಅಕ್ಷದ ಸುತ್ತ 2Ω ವೇಗದಲ್ಲಿ ತಿರುಗುವುದು ಕಾಣುತ್ತದೆ. ಮೇಜಿನ ಪಕ್ಕ ನಿಂತವರು ಇದಕ್ಕೆ, ಅಕ್ಷವೇ ಲಂಬರೇಖೆಯ ಸುತ್ತ ಸುತ್ತುವ Ωವನ್ನೂ ಸೇರಿಸಬೇಕು. ಎರಡಕ್ಕೂ ದಿಕ್ಕುಗಳಿರುವುದರಿಂದ ಬರಿಯ ಸಂಖ್ಯೆಗಳಂತೆ ಕೂಡಿಸುವಂತಿಲ್ಲ. ಅಕ್ಷವು ಮೇಜಿಗೆ 30 ಡಿಗ್ರಿ ಓರೆಯಾಗಿದೆ. 2Ωದ ಲಂಬ ಭಾಗ 2Ω × sin 30°, ಎಂದರೆ ಸರಿಯಾಗಿ Ω, ಮತ್ತು ಅದು ಸುತ್ತುವಿಕೆಗೆ ವಿರುದ್ಧ ದಿಕ್ಕಿನದು. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿಯುವುದು ಮೇಜಿಗೆ ಸಮಾನಾಂತರವಾದ 2Ω × cos 30°, ಅದೇ 1.73Ω.

ಈ ಅಳಿಸುವಿಕೆ ಆಕಸ್ಮಿಕವಲ್ಲ. ಲಂಬ ಭಾಗ ಸ್ವಲ್ಪವಾದರೂ ಉಳಿದಿದ್ದರೆ, ತಾಗಿದ ಗೆರೆ ತುದಿಯನ್ನು ತಿರುಗಣಿಯಾಗಿಸಿಕೊಂಡು ಮೇಜಿನ ಮೇಲೆ ಉಜ್ಜುತ್ತ ತಿರುಗುತ್ತಿತ್ತು, ಜಾರದೆ ಉರುಳುತ್ತಿದೆ ಎನ್ನಲು ಬರುತ್ತಿರಲಿಲ್ಲ. ಅಕ್ಷದ ಸುತ್ತಲಿನ ಭ್ರಮಣವನ್ನು s ಎಂದರೆ ಯಾವ ಶಂಕುವಿಗೂ s sin α = Ω ಆಗಲೇಬೇಕು. ಕತ್ತರಿಸಿದ ಕಾಗದದಿಂದ ಸಿಕ್ಕಿದ 1/sin α ಇಲ್ಲಿ ಬೇರೊಂದು ದಾರಿಯಿಂದ ಬಂದು ನಿಂತಿದೆ.

ಒಂದು ಮಿತಿಯನ್ನು ಹೇಳಬೇಕು. ಇದೆಲ್ಲವೂ ನಿಧಾನವಾಗಿ ಉರುಳಿಸಿದಾಗಿನ ಮಾತು. ವೇಗವಾಗಿ ತಳ್ಳಿದರೆ ಹಗುರವಾದ ಶಂಕು ಜಾರುತ್ತದೆ, ಇಲ್ಲವೇ ಗೆರೆಯುದ್ದಕ್ಕೂ ತಾಗುವ ಬದಲು ಒಂದು ಕಡೆ ಮೇಲೇಳುತ್ತದೆ.

ತುದಿಯೇ ಇಲ್ಲದ ವಸ್ತುವಿಗೂ ಈ ಲೆಕ್ಕ ಒಪ್ಪುತ್ತದೆ. ಚಹಾ ಕುಡಿದಿಟ್ಟ ಕಾಗದದ ಕಪ್ಪು ತುದಿ ಕತ್ತರಿಸಿದ ಶಂಕುವೇ ಆಗಿದೆ. ಅದು ಮೇಜಿಗೆ ತಾಗುವುದು ಬಾಯಿಯ ಸುರುಳಿ ಅಂಚು ಮತ್ತು ತಳದ ಅಂಚು ಇವೆರಡರಲ್ಲಿ ಮಾತ್ರ, ಆದ್ದರಿಂದ ವ್ಯಾಸವನ್ನು ಸುರುಳಿಯ ಹೊರಗಿನಿಂದ ಅಳೆಯಬೇಕು. ನನ್ನ ಮುಂದಿರುವ ಕಪ್ಪಿನ ಬಾಯಿಯ ವ್ಯಾಸ 7 ಸೆಂಟಿಮೀಟರ್, ತಳದ್ದು 5, ಎರಡು ಅಂಚುಗಳ ನಡುವೆ ಓರೆಯಾಗಿ ಅಳೆದ ದೂರ 8. ತ್ರಿಜ್ಯಗಳ ವ್ಯತ್ಯಾಸ ಒಂದು ಸೆಂಟಿಮೀಟರ್. ಅದನ್ನು 8ರಿಂದ ಭಾಗಿಸಿದರೆ sin α ಎಂಟನೆಯ ಒಂದು. ಬಾಯಿಯ ತ್ರಿಜ್ಯ 3.5ನ್ನು ಎಂಟರಿಂದ ಗುಣಿಸಿದಾಗ 28 ಸೆಂಟಿಮೀಟರ್. ಕಾಣದ ತುದಿ ತಳದಿಂದಾಚೆ ಮೇಜಿನ ಮೇಲೆಯೇ ಇದೆ, ಬಾಯಿಯ ಅಂಚು ಅದರಿಂದ 28 ಸೆಂಟಿಮೀಟರ್ ದೂರದಲ್ಲಿ ವೃತ್ತ ಹಾಕುತ್ತದೆ, ಅಂಚಿನಲ್ಲಿಟ್ಟ ಚುಕ್ಕೆ ಸುತ್ತಿಗೆ ಎಂಟು ಸಲ ಮೇಜನ್ನು ಮುಟ್ಟುತ್ತದೆ. ಇದಕ್ಕೆ 60 ಸೆಂಟಿಮೀಟರಿನಷ್ಟು ಖಾಲಿ ಜಾಗ ಬೇಕಾದುದರಿಂದ ಮೇಜಿನ ಮೇಲಿನ ಪತ್ರಿಕೆ, ನೀರಿನ ಬಾಟಲಿಗಳನ್ನು ಮೊದಲೇ ಸರಿಸಿಡಿ.