ಒಂದೊಂದು ವರ್ಷ ಒಂದೊಂದು ಮೊತ್ತ: ಒಂದು ಪ್ಯಾಕಿಂಗ್ ಲೈನಿನ ಎನ್‌ಪಿವಿ ಲೆಕ್ಕ

ಕಂಪನಿಗೆ ಬರುವ ಹೂಡಿಕೆ ಪ್ರಸ್ತಾವಗಳ ಲೆಕ್ಕ ನೋಡುವುದು ನನ್ನ ಕೆಲಸ. ಪ್ರತಿ ವರ್ಷವೂ ಒಂದೇ ಮೊತ್ತ ಕೈಗೆ ಬರುವ ಪ್ರಾಜೆಕ್ಟನ್ನು ನಾನು ಪುಸ್ತಕದಲ್ಲಿ ನೋಡಿದ್ದೇ ಜಾಸ್ತಿ. ನಿಜವಾದ ಪ್ರಾಜೆಕ್ಟು ಮೊದಲ ವರ್ಷ ಕುಂಟುತ್ತದೆ, ಆಮೇಲೆ ಚೇತರಿಸಿಕೊಳ್ಳುತ್ತದೆ, ನಡುವೆ ಎಲ್ಲೋ ಒಂದು ದೊಡ್ಡ ರಿಪೇರಿ ಬಂದು ಆ ವರ್ಷದ ಅರ್ಧ ದುಡ್ಡು ನುಂಗುತ್ತದೆ. ಅಂಥ ಒಂದು ಪ್ಯಾಕಿಂಗ್ ಲೈನಿನ ಲೆಕ್ಕವನ್ನು ಹೇಗೆ ಹಾಕಿದೆ, ಮುಂದೆ ಬರುವ ದುಡ್ಡನ್ನು ಇವತ್ತಿನ ಮೌಲ್ಯಕ್ಕೆ ಇಳಿಸುವ ಡಿಸ್ಕೌಂಟ್ ದರವನ್ನು ಹೇಗೆ ಆರಿಸಿದೆ ಅಂತ ಹೇಳುತ್ತೇನೆ. ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಎಲ್ಲವೂ ಲಕ್ಷದಲ್ಲಿವೆ, ತೆರಿಗೆ ಕಳೆದು ಉಳಿದ ನಗದು.

ಶುರುವಿಗೆ 100 ಹಾಕಬೇಕು. ಅದರಲ್ಲಿ 85 ಯಂತ್ರಕ್ಕೆ, 15 ಕಚ್ಚಾ ಮಾಲು ಮತ್ತು ಸಾಲದ ಮಾರಾಟಕ್ಕೆ ಕಟ್ಟಿಹಾಕುವ ವರ್ಕಿಂಗ್ ಕ್ಯಾಪಿಟಲ್. ಮೊದಲ ವರ್ಷ ಬರುವುದು ಬರೀ 10. ಎರಡನೇ ವರ್ಷ 30, ಮೂರನೇ ವರ್ಷ 40. ನಾಲ್ಕನೇ ವರ್ಷವೂ 40 ಬರುತ್ತದೆ, ಆದರೆ ಆ ವರ್ಷ 25ರ ಓವರ್‌ಹಾಲ್ ಇದೆ, ಹಾಗಾಗಿ ಕೈಗೆ 15. ಐದನೇ ವರ್ಷ 40. ಆರನೇ ವರ್ಷ ಯಂತ್ರ ಸೋತಿರುತ್ತದೆ, ದುಡಿಮೆಯಿಂದ 20 ಮಾತ್ರ. ಆದರೆ ಕಟ್ಟಿಹಾಕಿದ 15 ವಾಪಸ್ ಬರುತ್ತದೆ, ಗುಜರಿಗೆ 5 ಸಿಗುತ್ತದೆ, ಒಟ್ಟು 40. ಈ ವಾಪಸ್ ಬರುವ 15 ಅನ್ನು ಪ್ರಸ್ತಾವ ಬರೆಯುವವರು ಮರೆಯುವುದು ಮಾಮೂಲು. ಮೊದಲು ಅದನ್ನೇ ಹುಡುಕುತ್ತೇನೆ.

ದರ 12% ಅಂತ ಇಟ್ಟುಕೊಳ್ಳೋಣ, ಅದು ಎಲ್ಲಿಂದ ಬಂತು ಅಂತ ಆಮೇಲೆ ನೋಡೋಣ. ಒಂದು ವರ್ಷ ಬಿಟ್ಟು ಬರುವುದನ್ನು 1.12ರಿಂದ ಒಮ್ಮೆ ಭಾಗಿಸಬೇಕು, ಎರಡು ವರ್ಷ ಬಿಟ್ಟು ಬರುವುದನ್ನು ಎರಡು ಸಲ, ಹೀಗೇ ಮುಂದೆ.

| ವರ್ಷ | ನಗದು | 12%ರ ಗುಣಕ | ಇವತ್ತಿನ ಮೌಲ್ಯ |
|---|---|---|---|
| 1 | 10 | 0.8929 | 8.93 |
| 2 | 30 | 0.7972 | 23.92 |
| 3 | 40 | 0.7118 | 28.47 |
| 4 | 15 | 0.6355 | 9.53 |
| 5 | 40 | 0.5674 | 22.70 |
| 6 | 40 | 0.5066 | 20.26 |

ಒಟ್ಟು 113.81. ಹಾಕಿದ 100 ಕಳೆದರೆ ಉಳಿಯುವ ನಿವ್ವಳ ಇವತ್ತಿನ ಮೌಲ್ಯ, ಅಂದರೆ ಎನ್‌ಪಿವಿ 13.81. ಕೆಲವರು ಇಷ್ಟೆಲ್ಲ ಯಾಕೆ, ಒಟ್ಟು 175 ಅನ್ನು ಆರರಿಂದ ಭಾಗಿಸಿ ವರ್ಷಕ್ಕೆ 29.17 ಅಂತ ಹಿಡಿದರೆ ಆಯ್ತಲ್ವಾ ಅನ್ನುತ್ತಾರೆ. ಹಾಗೆ ಮಾಡಿದರೆ ಎನ್‌ಪಿವಿ 19.92 ಬರುತ್ತದೆ. ಆರು ಲಕ್ಷಕ್ಕೂ ಮೇಲೆ ಸುಮ್ನೆ ಉಬ್ಬಿತು. ಕಾರಣ ಇಷ್ಟೇ: ಸರಾಸರಿ ಹಿಡಿದರೆ ಐದನೇ, ಆರನೇ ವರ್ಷದ ದುಡ್ಡಿನ ಒಂದು ಪಾಲು ಮೊದಲ ವರ್ಷಕ್ಕೆ ಜಾರಿಬರುತ್ತದೆ. ಮೊದಲು ಹೆಚ್ಚು, ಕೊನೆಗೆ ಕಡಿಮೆ ಬರುವ ಪ್ರಾಜೆಕ್ಟಾದರೆ ತಪ್ಪು ಉಲ್ಟಾ ದಿಕ್ಕಿಗೆ ಹೋಗುತ್ತದೆ.

ಇನ್ನು ದರ. ಈ ಕಂಪನಿ ನಡೆಯುವುದು 40% ಸಾಲ, 60% ಮಾಲೀಕರ ದುಡ್ಡಿನ ಮೇಲೆ. ಈ ಪಾಲನ್ನು ಮಾರುಕಟ್ಟೆ ಬೆಲೆಯ ಮೇಲೆ ಹಿಡಿದಿದ್ದೇನೆ, ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಹಳೆಯ ಮೊತ್ತದ ಮೇಲೆ ಅಲ್ಲ. ಹೊಸ ಸಾಲಕ್ಕೆ ಬಡ್ಡಿ 10%. ಬಡ್ಡಿಯನ್ನು ಖರ್ಚು ಅಂತ ತೋರಿಸಿದರೆ 25% ತೆರಿಗೆ ಉಳಿಯುತ್ತದೆ, ಹಾಗಾಗಿ ಸಾಲ ನಿಜಕ್ಕೂ ಬೀಳುವುದು 7.5%ಕ್ಕೆ. ಮಾಲೀಕರ ದುಡ್ಡಿಗೆ ಬಡ್ಡಿ ಅಂತ ಯಾರೂ ಬರೆದುಕೊಡುವುದಿಲ್ಲ, ಅದನ್ನು ಅಂದಾಜು ಮಾಡಬೇಕು. ಅಪಾಯವಿಲ್ಲದ ಸರ್ಕಾರಿ ಬಾಂಡಿನ ದರ 6%, ಷೇರು ಮಾರುಕಟ್ಟೆ ಅದರ ಮೇಲೆ ಕೊಡಬೇಕಾದ ಹೆಚ್ಚುವರಿ 6%, ಮಾರುಕಟ್ಟೆಗೆ ಹೋಲಿಸಿದರೆ ಏರಿಳಿತ ಎಷ್ಟು ಪಟ್ಟು ಅಂತ ಹೇಳುವ ಬೀಟಾ, ಇದೇ ವ್ಯಾಪಾರದ ಕಂಪನಿಗಳನ್ನು ನೋಡಿ ಹಿಡಿದದ್ದು, 1.5. ಅಲ್ಲಿಗೆ ಆ ಹೆಚ್ಚುವರಿ 6ರ ಒಂದೂವರೆ ಪಟ್ಟು 9, ಬಾಂಡಿನ 6 ಕೂಡಿಸಿದರೆ 15%. ಎರಡನ್ನೂ ಪಾಲಿನ ಪ್ರಕಾರ ಸೇರಿಸಿದರೆ ಸಾಲದಿಂದ 3, ಮಾಲೀಕರಿಂದ 9, ಒಟ್ಟು 12%. ಇದರಲ್ಲಿ ಗಟ್ಟಿ ಅಂಕಿ ಬಡ್ಡಿ, ತೆರಿಗೆ, ಬಾಂಡಿನ ದರ. ಬೀಟಾ ಮತ್ತು ಆ ಹೆಚ್ಚುವರಿ 6% ಎರಡೂ ಅಂದಾಜು. ಹಾಗಾಗಿ 12.37% ಅಂತೆಲ್ಲ ಬರೆದ ವರದಿ ಕಂಡರೆ ನನಗೆ ನಗು ಬರುತ್ತದೆ.

ದರ ಕೂಡಿಸುವುದಕ್ಕಿಂತ ಅದು ನಗದಿನ ಅಂಕಿಗಳಿಗೆ ಹೊಂದುತ್ತದಾ ಅಂತ ನೋಡುವುದು ಮುಖ್ಯ. ಬಾಂಡು, ಸಾಲ ಎರಡರ ದರದಲ್ಲೂ ಬೆಲೆ ಏರಿಕೆ ಸೇರಿಕೊಂಡೇ ಇರುತ್ತದೆ. ಅದಕ್ಕೇ ಉತ್ಪಾದನೆಯವರನ್ನು ಕೇಳಿದೆ: ಐದನೇ ವರ್ಷದ 40 ಅಂದರೆ ಇವತ್ತಿನ ಬೆಲೆಯಲ್ಲೋ, ಆ ವರ್ಷದ ಬೆಲೆಯಲ್ಲೋ? ಆ ವರ್ಷದ್ದೇ ಅಂದರು, ಸರಿಹೋಯಿತು. ಇವತ್ತಿನ ಬೆಲೆಯಲ್ಲಿ ಬರೆದಿದ್ದು ಏರಿಕೆ ವರ್ಷಕ್ಕೆ 5% ಇದ್ದಿದ್ದರೆ, 1.12 ಅನ್ನು 1.05ರಿಂದ ಭಾಗಿಸಿ ಸುಮಾರು 6.7% ದರ ಬಳಸಬೇಕಿತ್ತು. ಹಾಗೆಯೇ, ಸಾಲದ ಬಡ್ಡಿಯನ್ನು ವರ್ಷದ ನಗದಿನಿಂದ ಕಳೆದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಬಡ್ಡಿ ಆಗಲೇ ದರದೊಳಗೆ ಕೂತಿದೆ, ಮತ್ತೆ ಕಳೆದರೆ ಎರಡು ಸಲ ಕಳೆದ ಹಾಗೆ.

ಆಮೇಲೆ ಶುರುವಾಯಿತು ದರದ ಜಗ್ಗಾಟ. ಪ್ರಾಜೆಕ್ಟು ಬೇಕೆನ್ನುವ ವಿಭಾಗದ ಮುಖ್ಯಸ್ಥರು, 'ಸಾರ್, ಬ್ಯಾಂಕು ನಮಗೆ ಕೊಡೋದೇ ಹತ್ತಕ್ಕೆ. ಹತ್ತೇ ಹಾಕಿ' ಎಂದರು. 10% ಹಾಕಿದರೆ ಎನ್‌ಪಿವಿ 21.60 ಆಗುತ್ತದೆ, ನೋಡಲು ಚೆಂದ. ಆದರೆ ಬ್ಯಾಂಕು ಹತ್ತಕ್ಕೆ ಕೊಡುವುದು ಈ ಯಂತ್ರದ ಮುಖ ನೋಡಿ ಅಲ್ಲ. ನಷ್ಟವಾದರೆ ಮೊದಲು ಮಾಲೀಕರ ದುಡ್ಡು ಕರಗುತ್ತದೆ, ಬ್ಯಾಂಕಿನದಲ್ಲ. ಆ ಧೈರ್ಯದ ಮೇಲೆ ಹತ್ತು. ಪೂರ್ತಿ 100 ಸಾಲವೇ ಕೇಳಿದ್ದರೆ ಆ ದರಕ್ಕೆ ಸಿಗುತ್ತಿರಲಿಲ್ಲ.

ಹಣಕಾಸಿನ ಹಿರಿಯರದು ಇನ್ನೊಂದು ತುದಿ. 'ಹೊಸ ಲೈನು, ಶುರುವಾಗೋಕೆ ತಡ ಆಗ್ಬಹುದು. ಮೂರು ಪರ್ಸೆಂಟ್ ಜಾಸ್ತಿ ಹಾಕಿಬಿಡಿ, ಸೇಫು.' 15% ಹಾಕಿದರೆ ಎನ್‌ಪಿವಿ 3.44ಕ್ಕೆ ಇಳಿಯುತ್ತದೆ, 16 ದಾಟಿದರೆ ಮೈನಸ್. ಈ ಸಲಹೆ ಎಚ್ಚರಿಕೆಯದ್ದು ಅನಿಸುತ್ತದೆ. ನಾನು ಒಪ್ಪಲಿಲ್ಲ.

ಅವರ ಭಯ ಯಾವ ವರ್ಷದ್ದು? ಮೊದಲನೆಯದು. ಯಂತ್ರ ಕೂರಿಸುವಾಗ, ಟ್ರಯಲ್ ನಡೆಯುವಾಗ ಆಗುವ ತಡ. ಆದರೆ ದರ ಏರಿಸಿದರೆ ಪೆಟ್ಟು ಎಲ್ಲಿಗೆ ಬೀಳುತ್ತದೆ ನೋಡಿ. 12 ಹೋಗಿ 15 ಆದರೆ ಮೊದಲ ವರ್ಷದ ಗುಣಕ 0.8929ರಿಂದ 0.8696 ಆಗುತ್ತದೆ, ಮೂರು ಪರ್ಸೆಂಟೂ ಕಡಿಮೆಯಾಗಲಿಲ್ಲ. ಆರನೇ ವರ್ಷದ್ದು 0.5066ರಿಂದ 0.4323ಕ್ಕೆ ಬರುತ್ತದೆ, ಹತ್ತಿರ ಹತ್ತಿರ 15% ಕುಸಿತ. ಆರನೇ ವರ್ಷದ ಬಗ್ಗೆ ಯಾರಿಗೂ ವಿಶೇಷ ಭಯವೇ ಇರಲಿಲ್ಲ! ಇನ್ನೂ ವಿಚಿತ್ರ ಓವರ್‌ಹಾಲಿನದು. ನಾಲ್ಕನೇ ವರ್ಷದ ಆ 25ರ ಖರ್ಚು 12%ರಲ್ಲಿ ಇವತ್ತಿಗೆ 15.89 ತೂಗುತ್ತದೆ, 15%ರಲ್ಲಿ 14.29 ಮಾತ್ರ. ಅಂದರೆ 'ಸೇಫ್' ಆಗಲು ಹೋಗಿ ಮುಂದಿನ ಖರ್ಚನ್ನು ಹಗುರ ಮಾಡಿದ ಹಾಗಾಯಿತು. ಕೊನೆಯಲ್ಲಿ ಜಾಗ ಸ್ವಚ್ಛ ಮಾಡಿಕೊಡುವ ದೊಡ್ಡ ಖರ್ಚಿರುವ ಪ್ರಾಜೆಕ್ಟುಗಳಲ್ಲಿ ಇದೇ ದೋಷದಿಂದ ಲೆಕ್ಕ ತುಂಬಾ ದಾರಿ ತಪ್ಪುತ್ತದೆ.

ದರ ಏರಿಸಲೇಬೇಕಾದ ಸಂದರ್ಭ ಇಲ್ಲವೆಂದಲ್ಲ. ಕಂಪನಿ ತನಗೆ ಗೊತ್ತಿಲ್ಲದ, ಏರಿಳಿತ ಹೆಚ್ಚಿರುವ ವ್ಯಾಪಾರಕ್ಕೆ ಇಳಿಯುತ್ತಿದ್ದರೆ ಆ ವ್ಯಾಪಾರದ ಕಂಪನಿಗಳ ಬೀಟಾ ತೆಗೆದುಕೊಂಡು ದರವನ್ನು ಹೊಸದಾಗಿ ಕಟ್ಟಬೇಕು. ಇಲ್ಲಿ ಹಾಗಿರಲಿಲ್ಲ. ಮಾಲು ಅದೇ, ಗಿರಾಕಿಗಳು ಅವರೇ. ಹಾಗಾಗಿ ದರ 12ರಲ್ಲೇ ಉಳಿಯಿತು, ತಡವನ್ನು ನಗದಿನ ಸಾಲಿಗೆ ತಂದೆ.

ತಡವಾದರೆ ಚಿತ್ರ ಹೀಗೆ: ಮೊದಲ ವರ್ಷ ಸೊನ್ನೆ, ಆಮೇಲೆ 10, 30, 40, 15, 40, 40. ಎಲ್ಲವೂ ಒಂದು ವರ್ಷ ತಡವಾಗಿ. ಲೆಕ್ಕ ಸರಳ, 113.81 ಅನ್ನು ಇನ್ನೊಮ್ಮೆ 1.12ರಿಂದ ಭಾಗಿಸಿದರೆ 101.62. ಎನ್‌ಪಿವಿ 1.62. ಒಂದು ರೂಪಾಯಿಯೂ ಕಡಿಮೆ ಬರದೆ, ಬರೀ ತಡದಿಂದ 12 ಲಕ್ಷಕ್ಕೂ ಜಾಸ್ತಿ ಹೋಯಿತು.

ಇದನ್ನು ಎಕ್ಸೆಲ್‌ನಲ್ಲಿ ಹಾಕುವಾಗ ಎಡವಿ ಬೀಳುವ ಒಂದು ಗುಂಡಿ ಇದೆ. B2ರಲ್ಲಿ -100, C2ರಿಂದ I2ರವರೆಗೆ ಏಳು ವರ್ಷದ ನಗದು ಇದ್ದರೆ ಸೂತ್ರ ಇದು:

```
=B2+NPV(12%,C2:I2)
```

B2 ಅನ್ನು NPV ಒಳಗೆ ಹಾಕಬಾರದು. ಆ ಫಂಕ್ಷನ್ ಮೊದಲ ಅಂಕಿಯನ್ನೇ ಒಂದು ವರ್ಷದ ನಂತರದ್ದು ಅಂತ ತಿಳಿಯುತ್ತದೆ, ಇವತ್ತು ಕೊಡುವ 100ಕ್ಕೂ ಕತ್ತರಿ ಹಾಕುತ್ತದೆ. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ತಡದ ವರ್ಷದ C2ರಲ್ಲಿ 0 ಬರೆಯದೆ ಖಾಲಿ ಬಿಟ್ಟರೆ NPV ಆ ಖಾಲಿ ಸೆಲ್ಲನ್ನು ದಾಟಿಹೋಗುತ್ತದೆ. ಆಮೇಲಿನ ನಗದೆಲ್ಲ ಒಂದೊಂದು ವರ್ಷ ಬೇಗ ಬಂದ ಹಾಗಾಗಿ ಉತ್ತರ ಮತ್ತೆ 13.81 ತೋರಿಸುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ. ತಡವಾದರೂ ಎನ್‌ಪಿವಿ ಒಂದಿಷ್ಟೂ ಬದಲಾಗಿಲ್ಲ ಅಂದರೆ ಮೊದಲು ಖಾಲಿ ಸೆಲ್ ಹುಡುಕಿ. ನಾನಂತೂ ಗುಣಕಗಳನ್ನು ಬೇರೆ ಸಾಲಿನಲ್ಲಿ ಬರೆದು ಕೈಲೆಕ್ಕಕ್ಕೆ ತಾಳೆ ನೋಡುತ್ತೇನೆ.

ತಡವಾಗುವ ಸಾಧ್ಯತೆ ಎಷ್ಟು? ಇಂಥ ಲೈನುಗಳನ್ನು ಕೂರಿಸಿದ ಎಂಜಿನಿಯರುಗಳನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ. ಒಟ್ಟಿಗೆ ಕೇಳಿದರೆ ಹಿರಿಯರು ಹೇಳಿದ್ದಕ್ಕೇ ಎಲ್ಲರೂ ತಲೆಯಾಡಿಸುತ್ತಾರೆ. ಅವರ ಮಾತಿನಿಂದ 40% ಅಂತ ಹಿಡಿದೆ. 13.81ಕ್ಕೆ 60%, 1.62ಕ್ಕೆ 40% ತೂಕ ಕೊಟ್ಟರೆ 8.93. ಇದು 3.44ಕ್ಕಿಂತ ಮೇಲೆ, 13.81ಕ್ಕಿಂತ ಕೆಳಗೆ.

ಭಯಕ್ಕೆ ದರದೊಳಗೆ ಅಡಗುವ ಜಾಗ ಸಿಗದೆ ಹೋದಾಗ ಅದರ ಜೊತೆ ಮಾತಾಡಲು ಆಗುತ್ತದೆ. ಯಂತ್ರ ಮಾರುವವರಿಗೆ ಹೇಳಿದೆವು: 85ರಲ್ಲಿ 20 ಅನ್ನು ಮೊದಲೇ ಕೊಡುವುದಿಲ್ಲ, ಟ್ರಯಲ್ ಮುಗಿದು ಲೈನು ಸರಿಯಾಗಿ ಓಡಿದ ಮೇಲೆ. ಸಮಯಕ್ಕೆ ಆದರೆ ಅದು ಮೊದಲ ವರ್ಷದ ಕೊನೆಗೆ, ತಡವಾದರೆ ಎರಡನೇ ವರ್ಷದ ಕೊನೆಗೆ. ಮೊದಲ ಸಂದರ್ಭದಲ್ಲಿ ನಮಗೆ 2.14 ಉಳಿಯುತ್ತದೆ, ಎರಡನೆಯದರಲ್ಲಿ 4.06. ಅದೇ 60-40 ತೂಕದಲ್ಲಿ ಸುಮಾರು 2.9. ಒಟ್ಟು ಎನ್‌ಪಿವಿ 11.8ರ ಹತ್ತಿರ ಬಂತು, ತಡವಾದರೂ 5.68 ಉಳಿಯುತ್ತಿತ್ತು. ಸ್ವಲ್ಪ ಚೌಕಾಸಿ ನಡೆಯಿತು, ಕೊನೆಗೆ ಮಾರುವವರು ಒಪ್ಪಿದರು. ಹಣಕಾಸಿನ ಹಿರಿಯರು ಆ ತಡದ ಸಾಲನ್ನು ಮತ್ತೊಮ್ಮೆ ತಾವೇ ಲೆಕ್ಕ ಹಾಕಿ ನೋಡಿ, ಫೈಲಿಗೆ ಸಹಿ ಹಾಕಿದರು.