ಬಾವಲಿ ಕಚ್ಚಿದ ಹಣ್ಣು: ಕೆತ್ತಿ ತಿನ್ನಬೇಡಿ, ಹೀಗೆ ಮಾಡಿ

ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ನಮ್ಮ ಬೀದಿಯ ಹಳೇ ಮನೆಯೊಂದರ ಹಿತ್ತಲಲ್ಲಿ ನಿಂತಿದ್ದೆ. ಸೀಬೆ ಮರದ ಕೆಳಗೆ ಹತ್ತು ಹನ್ನೆರಡು ಹಣ್ಣು ಬಿದ್ದಿದ್ದವು. ಆ ಮನೆಯ ಅಜ್ಜಿ ಒಂದೊಂದನ್ನೇ ಆರಿಸಿ, ಸೆರಗಿನಲ್ಲಿ ಒರೆಸಿದರು. ಹಲ್ಲಿನ ಗುರುತು ಇದ್ದ ಕಡೆ ಚಾಕುವಿನಿಂದ ಕೆತ್ತಿದರು. ಉಳಿದದ್ದನ್ನು ಮೊಮ್ಮಗನ ಕೈಗಿಟ್ಟು, "ತಿನ್ನೋ, ಅಳಿಲು ಕಚ್ಚಿದ ಹಣ್ಣು ಸಿಹಿ ಜಾಸ್ತಿ" ಅಂದರು. ಅವರ ಕಾಲ ಬುಡದಲ್ಲೇ ಗೋಲಿ ಗಾತ್ರದ ಒಣಗಿದ ಉಂಡೆಗಳು ಬಿದ್ದಿದ್ದವು. ಹಣ್ಣನ್ನು ಜಗಿದು, ರಸ ಹೀರಿ, ನಾರನ್ನು ಉಗಿದ ಉಂಡೆಗಳು ಅವು. ಅಳಿಲು ಹಾಗೆ ಉಗಿಯುವುದಿಲ್ಲ. ಅದು ಬಾವಲಿಯ ಗುರುತು.

ಆ ಹುಡುಗನಿಗೆ ಏನೂ ಆಗಲಿಲ್ಲ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಬಾವಲಿಯ ಮೈಯಲ್ಲಿ ನಿಪಾ ವೈರಸ್ ಇದ್ದರೂ ಅದು ಜೊಲ್ಲು, ಮೂತ್ರದಲ್ಲಿ ಹೊರಬರುವುದು ಕೆಲವೊಮ್ಮೆ ಮಾತ್ರ. ಆದರೆ ನಿಪಾ ತಗುಲಿದರೆ ನೂರಕ್ಕೆ 40ರಿಂದ 75 ಮಂದಿ ಸಾಯುತ್ತಾರೆ. ಮಾರುಕಟ್ಟೆಯಲ್ಲಿ ಲಸಿಕೆ ಇಲ್ಲ, ನಿಪಾಕ್ಕೆಂದೇ ಮಾಡಿದ ಔಷಧಿಯೂ ಇಲ್ಲ. ಒಂದು ಸೀಬೆ ಹಣ್ಣಿಗಾಗಿ ಅಷ್ಟು ದೊಡ್ಡ ಅಪಾಯ ತಗೋಬಾರದು, ಅಲ್ವಾ?

ಬೆಂಗಳೂರಿಗೂ ಇದು ದೂರದ ಮಾತಲ್ಲ. ಕೇರಳದಲ್ಲಿ 2018ರಿಂದ ಮತ್ತೆ ಮತ್ತೆ ನಿಪಾ ಕಾಣಿಸಿಕೊಂಡಿದೆ. ಹೆಚ್ಚಾಗಿ ಮೇನಿಂದ ಸೆಪ್ಟೆಂಬರ್ ನಡುವೆ, ಕೋಝಿಕ್ಕೋಡ್ ಮತ್ತು ಮಲಪ್ಪುರಂ ಕಡೆ. ಅಲ್ಲಿಂದ ಇಲ್ಲಿಗೆ ಒಂದು ರಾತ್ರಿಯ ಬಸ್ ಪ್ರಯಾಣ. 2024ರ ಸೆಪ್ಟೆಂಬರ್‌ನಲ್ಲಿ ಮಲಪ್ಪುರಂನಲ್ಲಿ ತೀರಿಕೊಂಡ 24 ವರ್ಷದ ಯುವಕ ಬೆಂಗಳೂರಿನಲ್ಲಿ ಓದುತ್ತಿದ್ದವರು.

ಮೊದಲ ಹೆಜ್ಜೆ: ಹಸಿ ನೀರಾ, ಹೆಂಡ ಬೇಡ

ಇದು ಸುಲಭ. ಈಚಲು, ತಾಳೆ, ತೆಂಗು, ಯಾವ ಮರದ್ದೇ ಆಗಲಿ, ಮಡಕೆ ಕಟ್ಟಿ ಇಳಿಸಿದ ರಸವನ್ನು ಹಸಿಯಾಗಿ ಕುಡಿಯಬೇಡಿ. ರಾತ್ರಿಯಿಡೀ ಮಡಕೆಯ ಬಾಯಿ ತೆರೆದಿರುತ್ತದೆ. ಬಾವಲಿ ಬಂದು, ಮರ ಕೆತ್ತಿದ ಜಾಗವನ್ನು ನೆಕ್ಕುತ್ತದೆ, ಮಡಕೆಯೊಳಗೆ ಮೂತ್ರ ಮಾಡುತ್ತದೆ. ಬಾಂಗ್ಲಾದೇಶದಲ್ಲಿ ಈಚಲು ಮರಗಳಿಗೆ ರಾತ್ರಿ ಕ್ಯಾಮೆರಾ ಕಟ್ಟಿ ಇದನ್ನು ಕಣ್ಣಾರೆ ನೋಡಿದ್ದಾರೆ. ಅಲ್ಲಿ ಚಳಿಗಾಲದಲ್ಲಿ ಹಸಿ ರಸ ಕುಡಿದವರಿಗೇ ಈ ಕಾಯಿಲೆ ಪದೇ ಪದೇ ಬಂದಿದೆ.

ಮಡಕೆಗೆ ಸುಣ್ಣ ಬಳಿದಿದ್ದಾರೆ, ಬಟ್ಟೆಯಲ್ಲಿ ಸೋಸಿದ್ದಾರೆ, ಫ್ರಿಜ್‌ನಲ್ಲಿಟ್ಟಿದ್ದಾರೆ ಅನ್ನುವ ಸಮಾಧಾನ ಬೇಡ. ಸೋಸಿದರೆ ಇರುವೆ ಹೋಗುತ್ತದೆ, ವೈರಸ್ ಹೋಗುವುದಿಲ್ಲ. ತಣ್ಣಗಿಟ್ಟರೆ ಅದು ಇನ್ನಷ್ಟು ದಿನ ಉಳಿಯುತ್ತದೆ. ಹುಳಿ ಬಂದ ಹೆಂಡದ ಅಮಲೂ ಅದನ್ನು ಕೊಲ್ಲುತ್ತದೆ ಅಂತ ನಂಬುವ ಹಾಗಿಲ್ಲ. ಹೊಸೂರು ದಾಟಿ ಕೃಷ್ಣಗಿರಿ ಕಡೆ ಹೋದಾಗ ರಸ್ತೆ ಬದಿಯಲ್ಲಿ ಪದನೀರು ಅನ್ನುವ ತಾಳೆ ನೀರಾ ಕಂಡರೆ ಗಾಡಿ ನಿಲ್ಲಿಸಬೇಡಿ. ಕುಡಿಯಲೇಬೇಕು ಅಂದರೆ ಚೆನ್ನಾಗಿ ಕುದಿಸಿ, ಆರಿಸಿ ಕುಡಿಯಿರಿ. ತಾಳೆ ಬೆಲ್ಲ, ಈಚಲು ಬೆಲ್ಲಕ್ಕೆ ಭಯ ಬೇಡ. ರಸ ಗಂಟೆಗಟ್ಟಲೆ ಕುದ್ದ ಮೇಲೇ ಬೆಲ್ಲ ಆಗುವುದು. ತಾಟಿನುಂಗು ಗಟ್ಟಿ ಚಿಪ್ಪಿನ ಒಳಗಿರುತ್ತದೆ. ಕಣ್ಣೆದುರಿಗೇ ಕೊಚ್ಚಿಸಿ, ಮನೆಗೆ ತಂದು ತೊಳೆದು ಸಿಪ್ಪೆ ತೆಗೆಯಿರಿ, ಸಾಕು.

ಎರಡನೇ ಹೆಜ್ಜೆ: ಹಣ್ಣು ಆರಿಸುವುದು. ತಪ್ಪುವುದು ಇಲ್ಲೇ

ಮರದ ಕೆಳಗೆ ಬಿದ್ದ ಹಣ್ಣನ್ನು ಎರಡು ಗುಂಪು ಮಾಡುವ ಅಭ್ಯಾಸ ನಮ್ಮದು, ಗುರುತು ಇರುವುದು ಮತ್ತು ಇಲ್ಲದ್ದು. ಇದನ್ನು ಬಿಡಿ. ಬಾವಲಿಯ ಹಲ್ಲಿನ ಗುರುತು, ಅಳಿಲು ಕೊರೆದ ಗೀರು, ಗಿಳಿ ಕುಕ್ಕಿದ ತೂತು, ಮೂರನ್ನೂ ನೋಡಿ ಹೇಳಬಲ್ಲವರು ಇದ್ದಾರೆ. ಆದರೆ ಆ ಜಾಣತನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಾವಲಿ ಬರೀ ನೆಕ್ಕಿ ಬಿಟ್ಟಿದ್ದರೆ, ಮೇಲಿನ ಕೊಂಬೆಯಿಂದ ಮೂತ್ರ ಬಿದ್ದಿದ್ದರೆ ಹಣ್ಣಿನ ಮೇಲೆ ಗುರುತೇ ಇರುವುದಿಲ್ಲ. ಹಾಗಾಗಿ ನನ್ನ ನಿಯಮ ಒಂದೇ. ನೆಲಕ್ಕೆ ಬಿದ್ದದ್ದು ತಿನ್ನುವುದಕ್ಕಲ್ಲ. ಮರದಲ್ಲೇ ಇದ್ದರೂ ಕಚ್ಚಿದ, ಕುಕ್ಕಿದ, ಬಿರುಕು ಬಿಟ್ಟ ಹಣ್ಣು ತಿನ್ನುವುದಕ್ಕಲ್ಲ.

ಇದರಿಂದ ಬೆಂಗಳೂರಿಗರಿಗೆ ಎರಡು ಹಣ್ಣು ಕಷ್ಟ ಕೊಡುತ್ತವೆ. ಒಂದು ನೇರಳೆ. ಫುಟ್‌ಪಾತ್ ಮೇಲೆ ಉದುರಿದ್ದನ್ನು ಆರಿಸಿ ಊದಿ ಬಾಯಿಗೆ ಹಾಕಿಕೊಳ್ಳುವವರು ವಾಕಿಂಗ್ ಹೋದಾಗಲೆಲ್ಲ ಸಿಗುತ್ತಾರೆ. ಇನ್ನೊಂದು ಗಸಗಸೆ ಹಣ್ಣು. ಶಾಲೆಯ ಕಾಂಪೌಂಡ್ ಪಕ್ಕ ಈ ಮರ ಇದ್ದರೆ ಮಕ್ಕಳು ಕೆಂಪಗಿನ ಪುಟ್ಟ ಹಣ್ಣನ್ನು ನೆಲದಿಂದಲೇ ಹೆಕ್ಕಿ ತಿನ್ನುತ್ತಾರೆ. ರಾತ್ರಿ ಆದರೆ ಆ ಮರಕ್ಕೆ ಸಣ್ಣ ಬಾವಲಿಗಳು ಬರುತ್ತವೆ. ನಿಪಾ ಹೆಚ್ಚಾಗಿ ಸಿಕ್ಕಿರುವುದು ದೊಡ್ಡ ಬಾವಲಿಗಳಲ್ಲಿ, ರೆಕ್ಕೆ ಬಿಚ್ಚಿದರೆ ಒಂದು ಮೀಟರ್‌ಗಿಂತ ಅಗಲ ಇರುವವುಗಳಲ್ಲಿ. ಆದರೆ ಬೆಳಗ್ಗೆ ಎದ್ದ ಮಗುವಿಗೆ ರಾತ್ರಿ ಬಂದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಬೇಡ ಅನ್ನುವುದೇ ಒಳ್ಳೆಯದು.

"ಹಲ್ಲು ತಾಗಿದ ಕಡೆ ಕೆತ್ತಿದರೆ ಆಯ್ತಲ್ಲ?" ಅಂತ ಕೇಳುವವರಿಗೆ: ಆಗಲಿಲ್ಲ. ಜೊಲ್ಲು ಕಚ್ಚಿದ ಜಾಗದಲ್ಲೇ ನಿಲ್ಲುವುದಿಲ್ಲ, ರಸದ ಜೊತೆ ತಿರುಳಿಗೆ ಇಳಿಯುತ್ತದೆ. ನೀವು ಕೆತ್ತಿದ ಚಾಕು ಅದನ್ನು ಉಳಿದ ಭಾಗಕ್ಕೂ ಸವರುತ್ತದೆ. ತೊಳೆದರೂ ಕಚ್ಚಿದ ಹಣ್ಣು ಸರಿಹೋಗುವುದಿಲ್ಲ.

ಕೇರಳದಲ್ಲಿ 2021ರಲ್ಲಿ ತೀರಿಕೊಂಡ 12 ವರ್ಷದ ಹುಡುಗನ ವಿಷಯದಲ್ಲಿ ರಂಬುಟಾನ್ ಮೇಲೆ, 2024ರ ಜುಲೈನಲ್ಲಿ ತೀರಿಕೊಂಡ ಹುಡುಗನ ವಿಷಯದಲ್ಲಿ ಅಮಟೆಕಾಯಿ ಮೇಲೆ ಅನುಮಾನ ಬಂತು. ಹಣ್ಣಿನಿಂದಲೇ ಬಂತು ಅಂತ ಪರೀಕ್ಷೆಯಲ್ಲಿ ಸಾಬೀತಾಗಲಿಲ್ಲ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಎರಡು ವಾರ ಕಳೆದಿರುತ್ತದೆ, ಆ ಹಣ್ಣು ಎಲ್ಲಿ ಉಳಿದಿರುತ್ತದೆ?

ಮೂರನೇ ಹೆಜ್ಜೆ: ಬಿದ್ದದ್ದನ್ನು ಎತ್ತುವುದು

ಬರಿಗೈ ಬೇಡ. ಗ್ಲೌಸ್ ಇಲ್ಲದಿದ್ದರೆ ಹಾಲಿನ ಖಾಲಿ ಕವರಿನೊಳಗೆ ಕೈ ತೂರಿಸಿ ಎತ್ತಿ. ಹಿತ್ತಲಲ್ಲಿ ಒಂದು ಅಡಿ ಗುಂಡಿ ತೋಡಿ ಹೂಳಿ. ಜಾಗ ಇಲ್ಲದವರು ಹಳೇ ಪೇಪರ್‌ನಲ್ಲಿ ದಪ್ಪಗೆ ಸುತ್ತಿ ಹಸಿ ಕಸಕ್ಕೆ ಹಾಕಿ, ಕಸ ತೆಗೆದುಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ. ಅವರಲ್ಲಿ ಎಷ್ಟೋ ಜನ ಬರಿಗೈಯಲ್ಲೇ ಕಸ ಬೇರೆ ಮಾಡುತ್ತಾರೆ.

ಹಸುವಿಗೆ, ಮೇಕೆಗೆ ಹಾಕಬೇಡಿ. 1998-99ರಲ್ಲಿ ಮಲೇಷ್ಯಾದಲ್ಲಿ ಈ ಕಾಯಿಲೆ ಮೊದಲು ಕಾಣಿಸಿದ್ದು ಹಂದಿ ಸಾಕುವವರಲ್ಲಿ. ಹಂದಿ ಗೂಡುಗಳ ಪಕ್ಕದಲ್ಲೇ ಹಣ್ಣಿನ ಮರಗಳಿದ್ದವು. ಬಾವಲಿ ಅರ್ಧ ತಿಂದ ಹಣ್ಣು ಗೂಡಿಗೆ ಬಿತ್ತು, ಹಂದಿಗೆ ತಗುಲಿತು, ಹಂದಿಯಿಂದ ಮನುಷ್ಯರಿಗೆ ಬಂತು. ನೂರಕ್ಕೂ ಹೆಚ್ಚು ಜನ ಸತ್ತರು.

ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಈ ವೈರಸ್‌ನ ಹೊರಪದರ ಕೊಬ್ಬಿನದ್ದು, ಸಾಮಾನ್ಯ ಸೋಪಿಗೇ ಒಡೆಯುತ್ತದೆ. ಕರೆಂಟ್ ತಂತಿಗೆ ಸಿಕ್ಕಿ ಸತ್ತ ಬಾವಲಿ ಬಿದ್ದಿದ್ದರೆ ಮಕ್ಕಳನ್ನು ಹತ್ತಿರ ಬಿಡಬೇಡಿ. ಬಾವಲಿ ಇರುವ ಮರ ಕಡಿಯುವುದು, ಪಟಾಕಿ ಹೊಡೆದು ಓಡಿಸುವುದು ಬೇಡವೇ ಬೇಡ. ಬೆದರಿದ ಬಾವಲಿಗಳು ಚದುರಿ ನಾಲ್ಕು ಬೀದಿಗೆ ಹೋಗುತ್ತವೆ. ಹೆದರಿಕೆ, ಹಸಿವಿನಲ್ಲಿ ಅವು ವೈರಸ್ ಹೊರಹಾಕುವುದೂ ಜಾಸ್ತಿ ಆಗಬಹುದು.

ನಾಲ್ಕನೇ ಹೆಜ್ಜೆ: ಒಳ್ಳೆಯ ಹಣ್ಣನ್ನು ತೊಳೆಯುವುದು

ಮೊದಲು ತೊಳೆ, ಆಮೇಲೆ ಸುಲಿ. ಹರಿಯುವ ನಲ್ಲಿ ನೀರಿನಡಿ ಕೈಯಿಂದ ತಿಕ್ಕಿ, ತೊಟ್ಟಿನ ಗುಂಡಿಯನ್ನೂ ಬಿಡದೆ ತೊಳೆಯಿರಿ. ಒಣ ಬಟ್ಟೆಯಲ್ಲಿ ಒರೆಸಿ. ಸಿಪ್ಪೆ ತೆಗೆಯಿರಿ. ಸುಲಿದ ಮೇಲೆ ಚಾಕು ಮತ್ತು ಕೈ ತೊಳೆದು, ಆಮೇಲೆ ಹೋಳು ಮಾಡಿ. ಮಾವಿನ ತುದಿ ಹಲ್ಲಿನಲ್ಲಿ ಕಚ್ಚಿ ಹೀರುವುದನ್ನು ಈ ಕಾಲದಲ್ಲಿ ಬಿಟ್ಟುಬಿಡಿ. ಸೀಬೆಗೂ ಸಿಪ್ಪೆ ತೆಗೆಯಿರಿ, ರುಚಿ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ. ನೂರಾರು ರೂಪಾಯಿಗೆ ಸಿಗುವ ಹಣ್ಣು ತೊಳೆಯುವ ದ್ರಾವಣ ಕೊಳ್ಳಬೇಡಿ. ಉಪ್ಪು ನೀರು, ವಿನೆಗರ್‌ನಲ್ಲಿ ನೆನೆಸಿಡುವುದೂ ವ್ಯರ್ಥ. ನೀರು ಹರಿಯಬೇಕು, ಕೈ ತಿಕ್ಕಬೇಕು, ಅಷ್ಟೇ.

ಐದನೇ ಹೆಜ್ಜೆ: ಜ್ವರ ಬಂದರೆ

ಮಳೆಗಾಲದ ಬೆಂಗಳೂರಿನಲ್ಲಿ ಜ್ವರ ಅಂದರೆ ಎಲ್ಲರಿಗೂ ನೆನಪಾಗುವುದು ಡೆಂಗ್ಯೂ. ನಿಪಾ ಶುರುವಾಗುವುದೂ ಹಾಗೆಯೇ: ಜ್ವರ, ತಲೆನೋವು, ಮೈಕೈ ನೋವು, ವಾಂತಿ, ಗಂಟಲು ನೋವು, ಕೆಲವರಿಗೆ ಕೆಮ್ಮು. ಈ ಹಂತದಲ್ಲಿ ಡಾಕ್ಟರೂ ನೋಡಿದ ತಕ್ಷಣ ಬೇರೆ ಮಾಡಿ ಹೇಳಲಾರರು. ಸುಳಿವು ಸಿಗುವುದು ಕ್ಯಾಲೆಂಡರ್‌ನಲ್ಲಿ.

ಒಂದು ಉದಾಹರಣೆ ನೋಡಿ. ನಿಮ್ಮ ಮನೆಗೆ ಜೂನ್ 2ರಂದು ಕೋಝಿಕ್ಕೋಡ್ ಕಡೆಯಿಂದ ಯಾರೋ ಬಂದರು. ಜೂನ್ 1ರಂದು ಅಲ್ಲಿ ತೋಟದಲ್ಲಿ ಬಿದ್ದ ಹಣ್ಣು ತಿಂದಿದ್ದರು. ಸೋಂಕು ತಗುಲಿದ್ದರೆ ಸಾಮಾನ್ಯವಾಗಿ 4ರಿಂದ 14 ದಿನದಲ್ಲಿ ಜ್ವರ ಬರುತ್ತದೆ, ಅಂದರೆ ಜೂನ್ 5ರಿಂದ 15ರೊಳಗೆ. ಎಚ್ಚರಿಕೆಗೆ 21 ದಿನ ಎಣಿಸುತ್ತಾರೆ, ಜೂನ್ 22ರವರೆಗೆ. ಜೂನ್ 11ಕ್ಕೆ ಜ್ವರ ಬಂತು ಅಂದುಕೊಳ್ಳಿ. ಆ ದಿನವೇ ಡಾಕ್ಟರಿಗೆ ಹೇಳಬೇಕಾದ್ದು ಮೊದಲು ಇದನ್ನೇ: ಎಲ್ಲಿಂದ ಬಂದರು, ಯಾವತ್ತು, ಏನು ತಿಂದರು, ಅಲ್ಲಿ ಯಾರಾದರೂ ಜ್ವರದವರ ಹತ್ತಿರ ಇದ್ದರಾ. ಜ್ವರ ಎಷ್ಟು ಡಿಗ್ರಿ ಅನ್ನುವುದು ಆಮೇಲೆ.

ಮಂಪರು ಬಂದರೆ ಒಂದು ಗಂಟೆಯೂ ಕಾಯಬೇಡಿ. ಕರೆದರೆ ತಡವಾಗಿ ಉತ್ತರ ಕೊಡುವುದು, ಇವತ್ತು ಯಾವ ವಾರ ಅಂದರೆ ತಡಬಡಾಯಿಸುವುದು, ಗುರುತಿರುವವರ ಹೆಸರು ತಪ್ಪು ಹೇಳುವುದು, ಫಿಟ್ಸ್, ಏದುಸಿರು. "ಜ್ವರದ ಸುಸ್ತು, ಮಲಗಲಿ ಬಿಡು" ಅನ್ನುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಮೆದುಳಿಗೆ ಊತ ಬಂದ ಮೇಲೆ ಒಂದೆರಡು ದಿನದಲ್ಲೇ ಕೋಮಾಕ್ಕೆ ಹೋಗಬಹುದು.

ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಅಲೆಯಬೇಡಿ. 2018ರಲ್ಲಿ ಕೋಝಿಕ್ಕೋಡಿನಲ್ಲಿ ಹೆಚ್ಚಿನವರಿಗೆ ಸೋಂಕು ತಗುಲಿದ್ದು ಹಣ್ಣಿನಿಂದ ಅಲ್ಲ, ಆಸ್ಪತ್ರೆಗಳಲ್ಲಿ. ರೋಗಿಯ ಪಕ್ಕ ಇದ್ದವರಿಗೆ, ಅದೇ ಕಾರಿಡಾರಿನಲ್ಲಿ ಕಾದವರಿಗೆ, ಆರೈಕೆ ಮಾಡಿದವರಿಗೆ ಅದು ಹರಡಿತು. ಅನುಮಾನ ಇದ್ದರೆ ಮೊದಲು 104ಕ್ಕೆ ಫೋನ್ ಮಾಡಿ ವಿಷಯ ಹೇಳಿ, ಎಲ್ಲಿಗೆ ಹೋಗಬೇಕು ಕೇಳಿ. ಆಂಬ್ಯುಲೆನ್ಸ್ ಬೇಕಾದರೆ 108. ಅಲ್ಲಿಯವರೆಗೆ ರೋಗಿಗೆ ಬೇರೆ ಕೋಣೆ, ಮಾಸ್ಕ್, ಬೇರೆ ತಟ್ಟೆ ಲೋಟ. ನೋಡಿಕೊಳ್ಳುವವರು ಒಬ್ಬರೇ ಇರಲಿ, ಅವರೂ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಲಿ. ವಾಂತಿ, ಎಂಜಲು ಒರೆಸಿದ ಬಟ್ಟೆಯನ್ನು ಬರಿಗೈಯಲ್ಲಿ ಮುಟ್ಟಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಡೆಂಗ್ಯೂ ಆಗಿದ್ದರೆ ಬೇರೆ ನೋವಿನ ಮಾತ್ರೆಯಿಂದ ರಕ್ತಸ್ರಾವದ ಅಪಾಯ ಇದೆ.

ಗೊತ್ತಿಲ್ಲದೆ ಕಚ್ಚಿದ ಹಣ್ಣು ತಿಂದುಬಿಟ್ಟಿದ್ದರೆ ಗಾಬರಿಯಾಗಿ ಆಸ್ಪತ್ರೆಗೆ ಓಡಬೇಕಿಲ್ಲ. ಲಕ್ಷಣ ಇಲ್ಲದಾಗ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ಅಜ್ಜಿಯ ಮನೆಯಲ್ಲಿ ಆ ದಿನ ನಾವು ಮಾಡಿದ್ದು ಇಷ್ಟೇ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ "ಸೀಬೆ" ಅಂತ ಬರೆದೆವು, 21 ದಿನ ಎಣಿಸಿ ಇನ್ನೊಂದು ಗುರುತು ಹಾಕಿದೆವು. ಅಲ್ಲಿಯವರೆಗೆ ಹುಡುಗನಿಗೆ ದಿನಕ್ಕೆರಡು ಸಲ ಜ್ವರ ನೋಡುತ್ತಾ ಬಂದರು. ಎರಡನೇ ಗುರುತು ದಾಟಿದ ದಿನ ಅಜ್ಜಿಯೇ ಫೋನ್ ಮಾಡಿ ಹೇಳಿದರು.